ನಾಣ್ಯ ಚಿಮ್ಮಿ ಕಟ್ಟಿದ ಪಟ್ಟಿ

ಹತ್ತು ಲಕ್ಷ ಸಂಖ್ಯೆಗಳನ್ನು ಕಂಪ್ಯೂಟರು ಏರಿಕೆಯ ಕ್ರಮದಲ್ಲಿ ಇಟ್ಟುಕೊಳ್ಳಬೇಕು. ಕೇಳಿದ್ದನ್ನು ಥಟ್ಟನೆ ಹುಡುಕಿಕೊಡಬೇಕು, ಹೊಸದನ್ನು ಸೇರಿಸಬೇಕು, ಬೇಡದ್ದನ್ನು ಕಿತ್ತುಹಾಕಬೇಕು. ಇದಕ್ಕೆ ಪಾಠಪುಸ್ತಕಗಳು ಹೇಳುವ ಉತ್ತರ ಬೈನರಿ ಟ್ರೀ: ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ. ತೊಂದರೆಯೆಂದರೆ, ಸಂಖ್ಯೆಗಳು ಮೊದಲೇ ಏರಿಕೆಯಲ್ಲಿ ಬಂದರೆ ಎಲ್ಲವೂ ಬಲಕ್ಕೇ ಸೇರಿ ಮರ ಬರೀ ಕೋಲಾಗುತ್ತದೆ. ಅದನ್ನು ಸರಿದೂಗಿಸಲು 1962ರಲ್ಲಿ ಸೋವಿಯತ್ ಒಕ್ಕೂಟದ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ಒಂದು ವಿಧಾನ ಕೊಟ್ಟರು. ಒಂದು ಕಡೆ ಭಾರ ಹೆಚ್ಚಾದ ಕೂಡಲೇ ಕೊಂಬೆಗಳನ್ನು ತಿರುಗಿಸಿ ಜೋಡಿಸುವುದು. ವಿಧಾನವೇನೋ ಗಟ್ಟಿ, ಆದರೆ ಕೋಡ್ ಬರೆಯುವವರಿಗೆ ತಲೆನೋವು. ಅದರಲ್ಲೂ ತೆಗೆದುಹಾಕುವ ಭಾಗ.

ಅಮೆರಿಕದ ವಿಲಿಯಂ ಪ್ಯೂ 1990ರ ಲೇಖನವೊಂದರಲ್ಲಿ ಬೇರೆಯೇ ದಾರಿ ತೋರಿಸಿದರು. ಅದಕ್ಕೆ ಸ್ಕಿಪ್ ಲಿಸ್ಟ್ ಎಂದು ಹೆಸರು. ಸಮತೋಲ ಕಾಯುವ ಕೆಲಸವನ್ನೇ ಅವರು ಕೈಬಿಟ್ಟು, ಅದನ್ನು ನಾಣ್ಯಕ್ಕೆ ಒಪ್ಪಿಸಿದರು.

ಎಂಟು ಸಂಖ್ಯೆಗಳ ಪಟ್ಟಿಯೊಂದನ್ನು ನೋಡೋಣ: 5, 11, 14, 20, 23, 31, 38, 44. ಪ್ರತಿಯೊಂದರಿಂದಲೂ ಮುಂದಿನದಕ್ಕೆ ಒಂದು ಕೊಂಡಿ ಇದೆ. ಇಷ್ಟೇ ಆದರೆ 31 ಸಿಗಲು ಮೊದಲಿನಿಂದ ಒಂದೊಂದಾಗಿ ಆರನ್ನು ನೋಡಬೇಕು. ಈಗ ಕೆಲವಕ್ಕೆ ಮೇಲಿನ ಮಟ್ಟದಲ್ಲೂ ಕೊಂಡಿ ಕೊಡೋಣ. ಎರಡನೇ ಮಟ್ಟದಲ್ಲಿ 11, 20, 38 ಮಾತ್ರ. ಮೂರನೆಯದರಲ್ಲಿ 20 ಒಂದೇ. ಹುಡುಕಾಟ ಮೇಲಿನಿಂದ ಶುರು. ಮೂರನೇ ಮಟ್ಟದಲ್ಲಿ 20ಕ್ಕೆ ಹಾರುತ್ತೇವೆ, ಅಲ್ಲಿಂದ ಮುಂದೇನೂ ಇಲ್ಲ, ಒಂದು ಮಟ್ಟ ಇಳಿಯುತ್ತೇವೆ. ಎರಡನೆಯದರಲ್ಲಿ ಮುಂದಿರುವುದು 38. ಅದು 31ನ್ನು ದಾಟಿತು, ಹಾಗಾಗಿ ಮತ್ತೆ ಇಳಿಯುತ್ತೇವೆ. ಕೆಳಗೆ 23, ಅದರ ಪಕ್ಕದಲ್ಲೇ 31. ಹೋಲಿಸಿ ನೋಡಿದ್ದು ನಾಲ್ಕನ್ನು ಮಾತ್ರ.

ಈಗ 27ನ್ನು ಸೇರಿಸಬೇಕು. ಅದರ ಜಾಗವನ್ನು ಹೀಗೆಯೇ ಹುಡುಕಿ, ನಾಣ್ಯ ಚಿಮ್ಮುತ್ತೇವೆ. ತಲೆ ಬಿದ್ದರೆ ಒಂದು ಮಟ್ಟ ಮೇಲೆ, ಬಾಲ ಬಿದ್ದರೆ ಅಲ್ಲಿಗೇ ನಿಲುಗಡೆ. ಮೊದಲು ತಲೆ, ಆಮೇಲೆ ಬಾಲ ಬಿತ್ತೆನ್ನಿ: 27ರ ಎತ್ತರ ಎರಡು. ಕೆಳಗೆ 23 ಮತ್ತು 31ರ ನಡುವೆ, ಎರಡನೇ ಮಟ್ಟದಲ್ಲಿ 20 ಮತ್ತು 38ರ ನಡುವೆ ಕೊಂಡಿ ಹಾಕಿದರೆ ಕೆಲಸ ಮುಗಿಯಿತು. ಉಳಿದ ಯಾವ ಸಂಖ್ಯೆಯೂ ಅಲುಗುವುದಿಲ್ಲ. ತೆಗೆಯುವುದೂ ಇಷ್ಟೇ ಸಲೀಸು.

ಹಾಗಾದರೆ ಹುಡುಕಾಟಕ್ಕೆ ಸರಾಸರಿ ಎಷ್ಟು ಹೆಜ್ಜೆ? ಪ್ಯೂ ಇದನ್ನು ಹಿಂದುಮುಂದಾಗಿ ಲೆಕ್ಕ ಹಾಕಿದ ರೀತಿ ನನಗೆ ಬಹಳ ಹಿಡಿಸುತ್ತದೆ. ಸಿಕ್ಕ ಜಾಗದಿಂದ ಹೊರಟು, ಬಂದ ದಾರಿಯಲ್ಲೇ ವಾಪಸು ನಡೆಯಿರಿ. ನಿಂತ ಸಂಖ್ಯೆಗೆ ಮೇಲೊಂದು ಮಟ್ಟವಿದ್ದರೆ ಹತ್ತಿ. ಇಲ್ಲದಿದ್ದರೆ ಎಡಕ್ಕೆ ಒಂದು ಹೆಜ್ಜೆ ಇಡಿ. ಮೇಲೊಂದು ಮಟ್ಟ ಇರುವ ಸಾಧ್ಯತೆ ಅರ್ಧಕ್ಕರ್ಧ, ಏಕೆಂದರೆ ಅದನ್ನು ತೀರ್ಮಾನಿಸಿದ್ದು ನಾಣ್ಯ. ತಲೆ ಬೀಳುವವರೆಗೆ ನಾಣ್ಯ ಚಿಮ್ಮಿದರೆ ಸರಾಸರಿ ಎರಡು ಚಿಮ್ಮು ಬೇಕು. ಅಂದರೆ ಒಂದು ಮಟ್ಟ ಹತ್ತಲು ಎರಡು ಹೆಜ್ಜೆ. ಪ್ರತಿ ಮಟ್ಟದಲ್ಲೂ ಸಂಖ್ಯೆಗಳು ಅರ್ಧವಾಗುವುದರಿಂದ ಹತ್ತು ಲಕ್ಷಕ್ಕೆ ಸುಮಾರು 20 ಮಟ್ಟಗಳು. ಹೀಗೆ ಸರಾಸರಿ ವೆಚ್ಚ ಸುಮಾರು 40 ಹೆಜ್ಜೆ, ತುದಿಯಲ್ಲಿ ಇನ್ನೊಂದೆರಡು. ಸೂತ್ರದಲ್ಲಿ ಇದು ಹೆಚ್ಚುಕಡಿಮೆ 2 log₂ n. ಚೆನ್ನಾಗಿ ಸಮತೋಲವಾದ ಮರಕ್ಕೆ ಸುಮಾರು 20 ಹೋಲಿಕೆ ಸಾಕು. ಸರಳತೆಗೆ ತೆತ್ತ ಬೆಲೆ ಇದು.

ನಾಣ್ಯ ಕೈಕೊಟ್ಟರೆ? ಎಲ್ಲ ಸಂಖ್ಯೆಗಳಿಗೂ ಬಾಲವೇ ಬಿದ್ದರೆ ಹಳೆಯ ಉದ್ದನೆಯ ಪಟ್ಟಿಯೇ ಗತಿ. ಎಂಟು ಸಂಖ್ಯೆಗಳಲ್ಲೇ ಇದರ ಸಾಧ್ಯತೆ 256ರಲ್ಲಿ ಒಂದು. ಸಾವಿರ ಸಂಖ್ಯೆಗಳಿದ್ದರೆ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಮುಖ್ಯವಾದದ್ದು ಇನ್ನೊಂದು: ಈ ದುರದೃಷ್ಟ ನಾಣ್ಯದ್ದೇ ಹೊರತು ದತ್ತಾಂಶದ್ದಲ್ಲ. ಸಂಖ್ಯೆಗಳು ಏರಿಕೆಯಲ್ಲಿ ಬರಲಿ, ಇಳಿಕೆಯಲ್ಲಿ ಬರಲಿ, ಪಟ್ಟಿಗೆ ಒಂದೇ.

ಆದರೆ ಈ ಭರವಸೆಗೆ ಒಂದು ಷರತ್ತಿದೆ. ಯಾವ ಸಂಖ್ಯೆಗೆ ಎಷ್ಟು ಎತ್ತರ ಎಂಬುದು ಹೊರಗಿನವರಿಗೆ ತಿಳಿಯಬಾರದು. ತಿಳಿದರೆ ಎತ್ತರದವನ್ನೆಲ್ಲ ಆರಿಸಿ ಅಳಿಸಿ, ಕುಳ್ಳವನ್ನಷ್ಟೇ ಉಳಿಸಿ ಪಟ್ಟಿಯನ್ನು ನಿಧಾನಗೊಳಿಸಬಹುದು. ಮೇಲಿನ ಉದಾಹರಣೆಯಲ್ಲಿ 11, 20, 27, 38ನ್ನು ಅಳಿಸಿ ನೋಡಿ, ಮೇಲಿನ ಮಟ್ಟಗಳೆಲ್ಲ ಖಾಲಿ. ಪ್ರೋಗ್ರಾಮು ಪ್ರತಿ ಸಲವೂ ಒಂದೇ ಬೀಜಸಂಖ್ಯೆಯಿಂದ ನಾಣ್ಯ ಚಿಮ್ಮಿದರೆ ಈ ಗುಟ್ಟು ಸುಲಭವಾಗಿ ರಟ್ಟಾಗುತ್ತದೆ.

ಬಳಕೆಯಲ್ಲಿ ನಾಣ್ಯ ಅರ್ಧಕ್ಕರ್ಧವೇ ಇರಬೇಕೆಂದಿಲ್ಲ. ಅಂಕಪಟ್ಟಿಗಳಂಥ ಕ್ರಮಬದ್ಧ ಗುಂಪುಗಳನ್ನು ಸ್ಕಿಪ್ ಲಿಸ್ಟಿನಲ್ಲಿ ಇಡುವ ರೆಡಿಸ್, ಮೇಲೇರುವ ಅವಕಾಶವನ್ನು ನಾಲ್ಕರಲ್ಲಿ ಒಂದಕ್ಕೆ ಇಳಿಸಿದೆ. ಆಗ ಮಟ್ಟಗಳು 10, ಪ್ರತಿ ಮಟ್ಟಕ್ಕೆ ಹೆಜ್ಜೆ 4. ಸರಾಸರಿ ಅದೇ 40. ಕೊಂಡಿಗಳು ಮಾತ್ರ ಸಂಖ್ಯೆಯೊಂದಕ್ಕೆ ಎರಡರ ಬದಲು ಸುಮಾರು 1.33 ಸಾಕು.