ಕಪ್ಪುಕುಳಿಯ ಅಂಚಿನಿಂದ ಬರುವ ಬೆಳಕು

ಕನ್ಯಾ ರಾಶಿಯಲ್ಲಿ ಸಣ್ಣ ದೂರದರ್ಶಕಕ್ಕೂ ಮಂಕು ನಕ್ಷತ್ರದಂತೆ ಕಾಣುವ ಒಂದು ಚುಕ್ಕೆಯ ಹೆಸರು 3ಸಿ 273. ಅದು ನಕ್ಷತ್ರವಲ್ಲವೆಂದು ತಿಳಿದದ್ದು 1963ರಲ್ಲಿ. ಅದರ ರೋಹಿತದಲ್ಲಿ ಹೈಡ್ರೋಜನ್ ರೇಖೆಗಳು ಕೆಂಪಿನತ್ತ ಸುಮಾರು ಶೇ. 16ರಷ್ಟು ಸರಿದಿರುವುದನ್ನು ಮಾರ್ಟೆನ್ ಸ್ಮಿತ್ ಗುರುತಿಸಿದರು. ಅಂದರೆ ಅದು ಇನ್ನೂರು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆ ಇದೆ. ಅಷ್ಟು ದೂರದಿಂದಲೂ ಕಾಣಬೇಕಾದರೆ ಅದು ಲಕ್ಷಾಂತರ ಕೋಟಿ ಸೂರ್ಯರಷ್ಟು ಬೆಳಗುತ್ತಿರಬೇಕು.

ಈ ಕ್ವೇಸಾರ್‌ನ ನಡುವೆ ಕೋಟಿಗಟ್ಟಲೆ ಸೂರ್ಯರ ತೂಕದ ಕಪ್ಪುಕುಳಿಯಿದೆ. ಬೆಳಕು ಹೊಮ್ಮುವುದು ಕುಳಿಯ ಒಳಗಿನಿಂದಲ್ಲ, ಅದರ ಹೊರಗೆ ಸುತ್ತುವ ಅನಿಲದಿಂದ. ತಿರುಗುತ್ತ ಬರುವ ಅನಿಲ ನೇರವಾಗಿ ಒಳಗೆ ಬೀಳಲಾರದು, ತಟ್ಟೆಯಂತೆ ಹರಡಿಕೊಳ್ಳುತ್ತದೆ. ಒಳಸುತ್ತಿನ ಅನಿಲ ಹೊರಸುತ್ತಿನದಕ್ಕಿಂತ ವೇಗವಾಗಿ ಓಡುತ್ತದೆ. ಕಾಂತಕ್ಷೇತ್ರಗಳು ಈ ಸುತ್ತುಗಳನ್ನು ಬೆಸೆದು ಎಳೆದಾಡುವುದರಿಂದ ಒಳಗಿನ ಅನಿಲ ತನ್ನ ತಿರುಗುಬಲವನ್ನು ಹೊರಕ್ಕೆ ದಾಟಿಸಿ ಕೆಳಗಿಳಿಯುತ್ತದೆ. ಹಾಗೆ ಇಳಿಯುವಾಗ ಬಿಡುಗಡೆಯಾಗುವ ಗುರುತ್ವಶಕ್ತಿ ಅನಿಲವನ್ನು ಕಾಯಿಸಿ ಬೆಳಗಿಸುತ್ತದೆ.

ಇಲ್ಲಿ ನಿಜಕ್ಕೂ ಬೆರಗಾಗಿಸುವುದು ಇದರ ದಕ್ಷತೆ. ಸೂರ್ಯನೊಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ ದ್ರವ್ಯದ ಶೇ. 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ. ಕಪ್ಪುಕುಳಿಗೆ ಬೀಳುವಾಗ ಸುಮಾರು ಶೇ. 10. ಆದ್ದರಿಂದ 3ಸಿ 273 ಬೆಳಗಲು ವರ್ಷಕ್ಕೆ ಕೆಲವೇ ಸೂರ್ಯರಷ್ಟು ಅನಿಲ ಸಾಕು. ಅನಿಲದ ಪೂರೈಕೆ ನಿಂತರೆ ಕ್ವೇಸಾರ್ ಆರುತ್ತದೆ, ಕುಳಿ ಉಳಿಯುತ್ತದೆ. ನಮ್ಮ ಕ್ಷೀರಪಥದ ನಡುವೆಯೂ 40 ಲಕ್ಷ ಸೂರ್ಯರ ತೂಕದ ಕಪ್ಪುಕುಳಿಯಿದೆ. ಅದರತ್ತ ಬೀಳುವ ಅನಿಲ ತೀರಾ ಕಡಿಮೆಯಾದ್ದರಿಂದ ಅದು ಮಂಕಾಗಿದೆ.