‘2016ರ ಇನ್ನೋವಾ’ ಅಂದರೆ ಯಾವುದು?

ಸೀಟ್ ಕವರ್ ಮಾರುವವರು ‘ಇನ್ನೋವಾ, 2016’ ಎಂದಷ್ಟೇ ಬರೆದಿದ್ದರೆ ದುಡ್ಡು ಕೊಡಬೇಡಿ. ಕ್ರಿಸ್ಟಾ ನಮ್ಮ ದೇಶಕ್ಕೆ ಬಂದದ್ದು ಆ ವರ್ಷದ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ಮಾರಾಟವಾದದ್ದು ಹಳೆಯ ಇನ್ನೋವಾ. ಎರಡರ ಸೀಟುಗಳ ಆಕಾರವೇ ಬೇರೆ. ಆರ್‌ಸಿಯಲ್ಲಿ ನೋಂದಣಿ ದಿನಾಂಕಕ್ಕಿಂತ ತಯಾರಾದ ತಿಂಗಳನ್ನು ನೋಡಿ. ಶೋರೂಮಿನಲ್ಲಿ ಉಳಿದಿದ್ದ ಹಳೆ ಗಾಡಿ ತಡವಾಗಿ ನೋಂದಣಿಯಾಗಿರಬಹುದು.

ಕ್ರಿಸ್ಟಾ ಎಂದು ಖಚಿತವಾದರೂ ಮುಗಿಯಲಿಲ್ಲ. ಏಳು ಸೀಟಿನದರಲ್ಲಿ ಮಧ್ಯದ ಸಾಲಿಗೆ ಎರಡು ಬಿಡಿ ಕುರ್ಚಿಗಳು, ಕೈಯೊರಗುಗಳ ಸಮೇತ. ಎಂಟರದ್ದಕ್ಕೆ ಅಲ್ಲಿ ಮಡಚುವ ಉದ್ದ ಸೀಟು. ಒಂದರ ಕವರ್ ಇನ್ನೊಂದಕ್ಕೆ ಎಳೆದರೂ ಕೂರದು. ಆಸನಗಳನ್ನು ಎಣಿಸಿದರೆ ಸಾಲದು. ಮಧ್ಯದ ಸಾಲಿನ ಫೋಟೊ ತೆಗೆದು ಅಂಗಡಿಯವನಿಗೆ ಕಳಿಸುವುದೇ ಮೇಲು.

ಅಳತೆ ತಪ್ಪಿದ ಕವರ್ ಸುಕ್ಕುಗಟ್ಟುತ್ತದೆ, ಜಾರುತ್ತದೆ. ಅದನ್ನು ಹೇಗೋ ಸಹಿಸಬಹುದು. ಏರ್‌ಬ್ಯಾಗಿನ ವಿಷಯ ಹಾಗಲ್ಲ. ಮುಂದಿನ ಸೀಟಿನ ಬೆನ್ನೊರಗಿನ ಹೊರಬದಿಯಲ್ಲಿ ‘AIRBAG’ ಎಂಬ ಪಟ್ಟಿ ಇದ್ದರೆ ಒಳಗೆ ಏರ್‌ಬ್ಯಾಗ್ ಇದೆ ಎಂದರ್ಥ. ಕವರಿಗೆ ಅಲ್ಲಿ ತೆರಪು ಅಥವಾ ಸುಲಭವಾಗಿ ಹರಿಯುವ ಹೊಲಿಗೆ ಇರಬೇಕು. ದಪ್ಪ ರೆಕ್ಸಿನ್ ಬಿಗಿಯಾಗಿ ಸುತ್ತಿದ್ದರೆ, ಡಿಕ್ಕಿಯಾದಾಗ ಏರ್‌ಬ್ಯಾಗ್ ತಡವಾಗಿ ಅಥವಾ ಅಡ್ಡಾದಿಡ್ಡಿಯಾಗಿ ಉಬ್ಬೀತು.