ಬಿಸಿಲಿಗೆ ಸೋಲುವ ಲಸಿಕೆ, ಹಿಮಕ್ಕೆ ಸೋಲುವ ಲಸಿಕೆ

ಗಂಗಾವತಿ ತಾಲ್ಲೂಕಿನ ಮರಳಿಯಲ್ಲಿ ಮೇ ತಿಂಗಳ ಒಂದು ಬೆಳಿಗ್ಗೆ ಎಂದಿಟ್ಟುಕೊಳ್ಳೋಣ. ಬಿಸಿಲೇರುವ ಮುನ್ನವೇ ತಾಯಂದಿರು ಕೂಸುಗಳನ್ನೆತ್ತಿಕೊಂಡು ಅಂಗನವಾಡಿಯ ಮುಂದೆ ನೆರೆದಿದ್ದಾರೆ. ಆರೋಗ್ಯ ಕಾರ್ಯಕರ್ತೆಯು ತಾನು ತಂದ ಪೆಟ್ಟಿಗೆಯ ಮುಚ್ಚಳವನ್ನು ತೆಗೆಯುತ್ತಾಳೆ. ಅದರೊಳಗೆ ನಾಲ್ಕು ಬದಿಗೂ ಐಸ್ ಪ್ಯಾಕುಗಳು. ನಡುವೆ ಹೆಬ್ಬೆರಳ ಗಾತ್ರದ ಕೆಲವು ಸೀಸೆಗಳು. ಮಧ್ಯಾಹ್ನದ ವೇಳೆಗೆ ಹೊರಗಿನ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಬಹುದು. ಪೆಟ್ಟಿಗೆಯೊಳಗೆ ಮಾತ್ರ ಅದು 2ರಿಂದ 8 ಡಿಗ್ರಿಗಳ ನಡುವೆಯೇ ಇರತಕ್ಕದ್ದು.

ಈ ಎರಡು ಎಲ್ಲೆಗಳೇಕೆ? ಮೇಲಿನ ಎಲ್ಲೆಯ ಕಾರಣವನ್ನು ಯಾರಾದರೂ ಊಹಿಸಬಲ್ಲರು: ಬಿಸಿಗೆ ಹಾಲು ಕೆಡುವಂತೆ ಔಷಧವೂ ಕೆಡುತ್ತದೆ. ಆದರೆ ತಂಪು ಹೆಚ್ಚಿದಷ್ಟೂ ಒಳಿತಲ್ಲವೆ? ಅಲ್ಲ. ಪೆಟ್ಟಿಗೆಯಲ್ಲಿನ ಒಂದು ಸೀಸೆಯು ಬಿಸಿಗೆ ಬೇಗ ಸೋಲುತ್ತದೆ, ಹಿಮಕ್ಕೆ ಜಗ್ಗುವುದಿಲ್ಲ. ಅದರ ಪಕ್ಕದ ಸೀಸೆಯಾದರೋ ಬಿಸಿಯನ್ನು ತಕ್ಕಮಟ್ಟಿಗೆ ತಾಳಿಕೊಂಡು, ಒಮ್ಮೆ ಹೆಪ್ಪುಗಟ್ಟಿದರೆ ಸಾಕು, ಸತ್ತ್ವವನ್ನು ಕಳೆದುಕೊಳ್ಳುತ್ತದೆ. ಕೆಟ್ಟ ಲಸಿಕೆಯನ್ನು ಚುಚ್ಚಿದಾಗಲೂ ಮಗು ಅಳುತ್ತದೆ, ತಾಯಿಯ ಕಾರ್ಡಿನಲ್ಲಿ ಗುರುತು ಬೀಳುತ್ತದೆ. ರಕ್ಷಣೆಯೊಂದು ಮಾತ್ರ ಇರುವುದಿಲ್ಲ. ಲಸಿಕೆಗಳಲ್ಲಿ ಎಷ್ಟು ಬಗೆ, ಅವು ಒಂದರಿಂದೊಂದು ಹೇಗೆ ಬೇರೆ ಎಂಬುದನ್ನು ಈ ದೌರ್ಬಲ್ಯಗಳ ದಾರಿಯಿಂದಲೇ ತಿಳಿಯಬಹುದು.

ಜೀವವಿದ್ದೂ ಸೌಮ್ಯವಾದುದು

ಎಲ್ಲ ಲಸಿಕೆಗಳ ಉದ್ದೇಶವೂ ಒಂದೇ. ರೋಗವನ್ನು ತರದೆ, ರೋಗಾಣುವಿನ ಚಹರೆಯನ್ನು ಮಾತ್ರ ದೇಹಕ್ಕೆ ಪರಿಚಯ ಮಾಡಿಕೊಡುವುದು. ಆ ಚಹರೆಯನ್ನು ನೆನಪಿಟ್ಟುಕೊಂಡ ದೇಹವು ನಿಜವಾದ ರೋಗಾಣು ಬಂದಾಗ ಪ್ರತಿಕಾಯಗಳನ್ನು ಬೇಗನೆ ತಯಾರಿಸಿ ಎದುರಿಸುತ್ತದೆ. ಈ ಪರಿಚಯಕ್ಕೆ ಮೊದಲ ಮಾರ್ಗವೆಂದರೆ ಜೀವಂತ ರೋಗಾಣುವನ್ನೇ ಪಳಗಿಸಿ ಕೊಡುವುದು.

ಹುಟ್ಟಿದ ಕೂಸಿನ ಎಡತೋಳಿಗೆ ಹಾಕುವ ಬಿ.ಸಿ.ಜಿ. ಇಂತಹುದು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾಂ ಎಂಬಿಬ್ಬರು 1908ರಲ್ಲಿ ದನಗಳ ಕ್ಷಯಾಣುವನ್ನು ಹಸುವಿನ ಪಿತ್ತರಸ ಬೆರೆಸಿದ ಆಲೂಗಡ್ಡೆಯ ಮೇಲೆ ಬೆಳೆಸತೊಡಗಿದರು. ಬೆಳೆದುದರಲ್ಲಿ ಸ್ವಲ್ಪವನ್ನು ಮತ್ತೆ ಹೊಸ ಆಲೂಗಡ್ಡೆಗೆ ನಾಟುತ್ತ, 13 ವರ್ಷಗಳಲ್ಲಿ ಸುಮಾರು 230 ಸಲ ಹೀಗೆ ಮಾಡಿದರು. ಪ್ರಾಣಿಯ ದೇಹದಲ್ಲಿ ಹೋರಾಡುವ ಅಗತ್ಯವಿಲ್ಲದ ಆ ಅಣುಜೀವಿಯು ರೋಗ ತರುವ ಶಕ್ತಿಯನ್ನೇ ಕಳೆದುಕೊಂಡಿತು. ಬದುಕುವ ಶಕ್ತಿಯನ್ನು ಕಳೆದುಕೊಳ್ಳಲಿಲ್ಲ. 1921ರಲ್ಲಿ ಅದನ್ನು ಮೊದಲ ಬಾರಿಗೆ ಒಂದು ಶಿಶುವಿಗೆ ಕೊಡಲಾಯಿತು. ದಡಾರ ಮತ್ತು ರುಬೆಲ್ಲಾ ರೋಗಗಳ ಜೋಡಿ ಲಸಿಕೆಯೂ, ಬಾಯಿಗೆ ಹನಿಸುವ ಪೋಲಿಯೊ ಲಸಿಕೆಯೂ ಇದೇ ಜಾತಿಯವು. ಈ ಜೋಡಿ ಲಸಿಕೆಯ ಅಭಿಯಾನವು 2017ರ ಫೆಬ್ರವರಿಯಲ್ಲಿ ಭಾರತದಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇಂತಹ ಲಸಿಕೆಯು ದೇಹದೊಳಗೆ ತಾನೇ ವೃದ್ಧಿಯಾಗುತ್ತದೆ. ಆದುದರಿಂದ ಅಲ್ಪ ಪ್ರಮಾಣವೇ ಸಾಕು; ರಕ್ಷಣೆಯೂ ಬಹುಕಾಲ ನಿಲ್ಲುತ್ತದೆ. ಆದರೆ ವೃದ್ಧಿಯಾಗಬೇಕಾದರೆ ಅದು ಜೀವದಿಂದಿರಬೇಕು. ಜೀವವಿರುವುದನ್ನು ಬಿಸಿ ಕೊಲ್ಲುತ್ತದೆ. ದಡಾರದ ಲಸಿಕೆಯನ್ನು ಒಣಪುಡಿಯಾಗಿ ಸೀಸೆಯಲ್ಲಿಡುವುದು ಇದಕ್ಕಾಗಿಯೇ. ಒಣಗಿರುವಾಗ ಅದು ಹಿಮದಲ್ಲಿಟ್ಟರೂ ಕೆಡದು. ದ್ರಾವಕವನ್ನು ಬೆರೆಸಿದೊಡನೆ ಮಾತ್ರ ಬಹಳ ಸೂಕ್ಷ್ಮವಾಗುತ್ತದೆ. ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿಯೇ ಒಂದು ಗಂಟೆಯೊಳಗೆ ಸುಮಾರು ಅರ್ಧದಷ್ಟು ಸತ್ತ್ವವನ್ನು ಕಳೆದುಕೊಳ್ಳಬಲ್ಲದು. ಆದಕಾರಣ ಬೆರೆಸಿದ ಸೀಸೆಯನ್ನು ತಂಪಿನಲ್ಲಿಯೇ ಇಟ್ಟುಕೊಂಡು, 4 ಗಂಟೆಗಳಾದ ಮೇಲೆ ಉಳಿದುದನ್ನು ಚೆಲ್ಲಿಬಿಡುತ್ತಾರೆ.

ಜೀವಂತ ಲಸಿಕೆಗೆ ಇನ್ನೊಂದು ಮಿತಿಯುಂಟು. ಪಳಗಿದ ವೈರಸ್ಸು ಅತಿ ಅಪರೂಪವಾಗಿ ಹಳೆಯ ಸ್ವಭಾವಕ್ಕೆ ಮರಳಬಹುದು. ಬಾಯಿಯ ಪೋಲಿಯೊ ಲಸಿಕೆಯಲ್ಲಿದ್ದ ಎರಡನೆಯ ಮಾದರಿಯ ವೈರಸ್ಸಿನಿಂದ ಈ ತೊಂದರೆ ಕಂಡುಬಂದುದರಿಂದ 2016ರ ಏಪ್ರಿಲಿನಲ್ಲಿ ಭಾರತವು ಅದನ್ನು ಹನಿಗಳಿಂದ ತೆಗೆದುಹಾಕಿತು.

ಕೊಂದು ಕೊಡುವುದು

ಎರಡನೆಯ ಮಾರ್ಗದಲ್ಲಿ ರೋಗಾಣುವನ್ನು ಕೊಂದು, ಅದರ ಆಕಾರವನ್ನು ಮಾತ್ರ ಉಳಿಸಿ ಕೊಡುತ್ತಾರೆ. ಸೂಜಿಯಿಂದ ಕೊಡುವ ಪೋಲಿಯೊ ಲಸಿಕೆ ಹೀಗೆ ಆದುದು. ಇಲ್ಲಿ ಹಳೆಯ ಸ್ವಭಾವಕ್ಕೆ ಮರಳುವ ಭಯವಿಲ್ಲ. ಆದರೆ ಸತ್ತದ್ದು ವೃದ್ಧಿಯಾಗದು, ಕೊಟ್ಟಷ್ಟೇ ಉಳಿಯುತ್ತದೆ. ಆದುದರಿಂದ ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ಇದರ ಕಷ್ಟವನ್ನು ಕನ್ನಡನಾಡು ತನ್ನ ನೆಲದಲ್ಲಿಯೇ ಕಂಡಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿಬಂದ ಜನರೂ ಜ್ವರದಿಂದ ಮಲಗಿದರು. ಉಣ್ಣೆಗಳಿಂದ ಹರಡುವ ಈ ‘ಮಂಗನ ಕಾಯಿಲೆ’ಗೆ, ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ ಫಾರ್ಮಾಲಿನ್ನಿಂದ ಕೊಂದ ಲಸಿಕೆಯನ್ನು ಬೆಂಗಳೂರಿನಲ್ಲಿ ತಯಾರಿಸುತ್ತಿದ್ದರು. ಅದನ್ನು ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ 6ರಿಂದ 9 ತಿಂಗಳಲ್ಲಿ ಇನ್ನೊಂದು ಸಲ, ಅನಂತರ ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕಾಗಿತ್ತು. ಚುಚ್ಚಿದ ಜಾಗ ನೋಯುತ್ತಿತ್ತು. ಇಷ್ಟು ಸಲ ಬಂದು ನಿಲ್ಲುವವರ ಸಂಖ್ಯೆ ಕಡಿಮೆಯಾಯಿತು. ಲಸಿಕೆಯ ಪರಿಣಾಮವೂ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ವಿಷವನ್ನು ಸಾಧುಗೊಳಿಸಿದುದು

ಕೆಲವು ರೋಗಗಳಲ್ಲಿ ಅಣುಜೀವಿಗಿಂತ ಅದು ಸ್ರವಿಸುವ ವಿಷವೇ ಮಾರಕ. ಹೊಲದಲ್ಲಿ ಮುಳ್ಳು ಚುಚ್ಚಿದ ಗಾಯದ ಆಳದಲ್ಲಿ ಧನುರ್ವಾಯುವಿನ ಅಣುಜೀವಿಯು ಗುಟ್ಟಾಗಿ ಬೆಳೆಯುತ್ತದೆ. ಅದರ ವಿಷವು ನರಗಳನ್ನು ಹಿಡಿದು ದೇಹವನ್ನು ಬಿಲ್ಲಿನಂತೆ ಬಗ್ಗಿಸುತ್ತದೆ. ಈ ವಿಷ ಎಷ್ಟು ಉಗ್ರವೆಂದರೆ, ಪ್ರಾಣ ತೆಗೆಯಲು ಸಾಕಾಗುವ ಪ್ರಮಾಣವು ದೇಹಕ್ಕೆ ಪಾಠ ಕಲಿಸಲು ಸಾಲದಷ್ಟು ಅಲ್ಪ! ಆದುದರಿಂದ ಧನುರ್ವಾಯುವಿನಿಂದ ಬದುಕಿ ಉಳಿದವನಿಗೂ ಲಸಿಕೆ ಬೇಕೇ ಬೇಕು.

ಪರಿಹಾರವೆಂದರೆ ವಿಷವನ್ನು ಸಾಧುಗೊಳಿಸುವುದು. 1920ರ ದಶಕದಲ್ಲಿ ಫ್ರಾನ್ಸಿನ ಗ್ಯಾಸ್ಟನ್ ರಾಮೊನ್ ಎಂಬಾತನು ಗಂಟಲಮಾರಿಯ ವಿಷಕ್ಕೆ ಸ್ವಲ್ಪ ಫಾರ್ಮಾಲಿನ್ ಬೆರೆಸಿ ಕೆಲವು ವಾರ ಬೆಚ್ಚಗಿಟ್ಟನು. ವಿಷದ ಕಚ್ಚುವ ಗುಣ ಹೋಯಿತು, ಚಹರೆ ಉಳಿಯಿತು. ಹೀಗೆ ಸಾಧುವಾದ ವಿಷಕ್ಕೆ ಟಾಕ್ಸಾಯಿಡ್ ಎಂದು ಹೆಸರು. 10 ಮತ್ತು 16ನೆಯ ವಯಸ್ಸಿನಲ್ಲಿ ಕೊಡುವ ಟಿ.ಡಿ. ಚುಚ್ಚುಮದ್ದಿನಲ್ಲಿ ಇರುವುದು ಧನುರ್ವಾಯು ಮತ್ತು ಗಂಟಲಮಾರಿಗಳ ಟಾಕ್ಸಾಯಿಡ್‌ಗಳೇ. ಈ ಲೇಖನವನ್ನು ಓದುವ ಹಲವರ ತೋಳು ಅದನ್ನು ನೆನಪಿಟ್ಟುಕೊಂಡಿರಬಹುದು. ಇದು ನಿರ್ಜೀವವಾದ, ಗಟ್ಟಿಮುಟ್ಟಾದ ಪ್ರೋಟೀನು. ಲಸಿಕೆಗಳಲ್ಲೆಲ್ಲ ಬಿಸಿಯನ್ನು ಹೆಚ್ಚು ತಾಳುವವುಗಳಲ್ಲಿ ಒಂದು.

ಒಂದು ತುಣುಕು ಸಾಕು

ನಾಲ್ಕನೆಯ ಬಗೆಯಲ್ಲಿ ಇಡೀ ರೋಗಾಣುವೂ ಇಲ್ಲ, ವಿಷವೂ ಇಲ್ಲ. ದೇಹವು ಗುರುತಿಸಬೇಕಾದ ಒಂದು ಅಂಶ ಮಾತ್ರವಿರುತ್ತದೆ. ಹೆಪಟೈಟಿಸ್-ಬಿ ವೈರಸ್ಸಿನ ಹೊರಮೈಯ ಪ್ರೋಟೀನನ್ನು ತಯಾರಿಸುವ ಜೀನನ್ನು ಯೀಸ್ಟಿನೊಳಗೆ ಸೇರಿಸಿ, ಯೀಸ್ಟಿನಿಂದಲೇ ಆ ಪ್ರೋಟೀನನ್ನು ಮಾಡಿಸುತ್ತಾರೆ. ಇದು ಬಹು ನಿರಪಾಯಕರ. ಆದರೆ ಬಿಡಿ ತುಣುಕನ್ನು ದೇಹವು ಗಣನೆಗೆ ತಾರದೆ ಹೋಗಬಹುದು. ಟಾಕ್ಸಾಯಿಡ್‌ಗೂ ಈ ಕೊರತೆಯುಂಟು. ಆದುದರಿಂದ ಇವನ್ನು ಅಲ್ಯೂಮಿನಿಯಂ ಲವಣದ ಅತಿಸೂಕ್ಷ್ಮ ಕಣಗಳಿಗೆ ಅಂಟಿಸಿ ಕೊಡುತ್ತಾರೆ. ಕಣಗಳು ದೇಹವನ್ನು ಕೆಣಕಿ, ಅಂಟಿಕೊಂಡಿರುವುದರತ್ತ ಅದರ ಗಮನವನ್ನು ಸೆಳೆಯುತ್ತವೆ.

6, 10 ಮತ್ತು 14ನೆಯ ವಾರಗಳಲ್ಲಿ ಕೂಸಿನ ತೊಡೆಗೆ ಕೊಡುವ ಪೆಂಟಾವೇಲೆಂಟ್ ಎಂಬ ಒಂದೇ ಲಸಿಕೆಯಲ್ಲಿ ಈ ಮೂರು ನಿರ್ಜೀವ ಬಗೆಗಳೂ ಕೂಡಿವೆ: ಗಂಟಲಮಾರಿ ಮತ್ತು ಧನುರ್ವಾಯುಗಳ ಟಾಕ್ಸಾಯಿಡ್‌ಗಳು, ಕೊಂದ ನಾಯಿಕೆಮ್ಮಿನ ಅಣುಜೀವಿಗಳು, ಹೆಪಟೈಟಿಸ್-ಬಿ ಮತ್ತು ಹಿಬ್ ರೋಗಾಣುಗಳ ತುಣುಕುಗಳು. ಇವೆಲ್ಲಕ್ಕೂ ಅಲ್ಯೂಮಿನಿಯಂ ಲವಣದ ಆಸರೆ.

ಹಿಮದ ಪೆಟ್ಟು

ಈಗ ಕೆಳಗಿನ ಎಲ್ಲೆಯ ರಹಸ್ಯಕ್ಕೆ ಬರೋಣ. ದ್ರವವು ಹೆಪ್ಪುಗಟ್ಟುವಾಗ ನೀರಿನ ಹರಳುಗಳು ಬೆಳೆಯುತ್ತ ಆ ಕಣಗಳನ್ನು ಒಂದರ ಮೇಲೊಂದು ಒತ್ತುತ್ತವೆ. ಕಣಗಳು ಗಂಟುಕಟ್ಟುತ್ತವೆ. ಹಿಮ ಕರಗಿದರೂ ಗಂಟು ಬಿಡುವುದಿಲ್ಲ, ಲಸಿಕೆ ಕೆಟ್ಟಿತು. ಹೆಪಟೈಟಿಸ್-ಬಿ ಲಸಿಕೆಗೆ ಈ ಪೆಟ್ಟು ಬೀಳಲು 0 ಡಿಗ್ರಿಗಿಂತ ಅರ್ಧ ಡಿಗ್ರಿಯಷ್ಟು ಕೆಳಗಿಳಿದರೆ ಸಾಕು.

ಇದನ್ನು ಕಂಡುಹಿಡಿಯುವ ಬಗೆ ಭೌತಶಾಸ್ತ್ರದ ವಿದ್ಯಾರ್ಥಿಗೆ ಸಂತೋಷ ಕೊಡುವಂತಹುದು. ಸಂಶಯವಿರುವ ಸೀಸೆಯ ತಂಡದಿಂದಲೇ ಇನ್ನೊಂದು ಸೀಸೆಯನ್ನು ಬೇಕೆಂದೇ ರಾತ್ರಿಯಿಡೀ ಹೆಪ್ಪುಗಟ್ಟಿಸಿ ಕರಗಿಸುತ್ತಾರೆ. ಎರಡನ್ನೂ ಒಟ್ಟಿಗೆ ಕುಲುಕಿ ಅಕ್ಕಪಕ್ಕದಲ್ಲಿ ನಿಲ್ಲಿಸಿ, 15ರಿಂದ 30 ನಿಮಿಷ ನೋಡುತ್ತಾರೆ. ದ್ರವದಲ್ಲಿ ಕಣವು ಇಳಿಯುವ ವೇಗವು ಅದರ ತ್ರಿಜ್ಯದ ವರ್ಗವನ್ನು ಅನುಸರಿಸುತ್ತದೆಂದು ಸ್ಟೋಕ್ಸನ ನಿಯಮ ಹೇಳುತ್ತದೆ. ಮೂರು ಪಟ್ಟು ದೊಡ್ಡದಾದ ಕಣವು ಹೆಚ್ಚುಕಡಿಮೆ ಒಂಬತ್ತು ಪಟ್ಟು ಬೇಗ ತಳ ಸೇರುತ್ತದೆ. ಹೆಪ್ಪುಗಟ್ಟಿದ ಸೀಸೆಯಲ್ಲಿ ಗಷ್ಟು ಬೇಗ ಕೂತು, ಮೇಲೆ ತಿಳಿನೀರು ಕಾಣುತ್ತದೆ. ಸಂಶಯದ ಸೀಸೆಯು ಇನ್ನೂ ಮಬ್ಬಾಗಿದ್ದರೆ ಅದು ಒಳ್ಳೆಯದು. ಅದೂ ಅಷ್ಟೇ ಬೇಗ ತಿಳಿಯಾದರೆ ಎಸೆಯತಕ್ಕದ್ದು. ಅಲ್ಯೂಮಿನಿಯಂ ಇಲ್ಲದ ಪೋಲಿಯೊ ಸೂಜಿಮದ್ದಿಗೆ ಈ ಪರೀಕ್ಷೆ ಸಲ್ಲದು. ಅದನ್ನೂ ಹಿಮ ಕೆಡಿಸುತ್ತದೆ. ಆದರೆ ಕಣ್ಣಿಗೆ ಗುರುತು ಕಾಣಿಸದು.

ಬಿಸಿಯನ್ನು ತಿಳಿಸಲು ಸೀಸೆಯ ಮೇಲೆಯೇ ಒಂದು ಗುರುತಿರುತ್ತದೆ: ವೃತ್ತದೊಳಗೊಂದು ಚೌಕ. ತಗಲಿದ ಬಿಸಿಯ ಲೆಕ್ಕವನ್ನು ಕೂಡಿಸುತ್ತ ಚೌಕವು ಕಪ್ಪೇರುತ್ತದೆ. ವೃತ್ತಕ್ಕಿಂತ ತಿಳಿಯಾಗಿರುವವರೆಗೆ ಬಳಸಬಹುದು. ವೃತ್ತದಷ್ಟೇ ಕಪ್ಪಾದರೆ ಬಳಸಕೂಡದು. ಆದರೆ ಈ ಗುರುತು ಹಿಮದ ಪೆಟ್ಟನ್ನು ಹೇಳಲಾರದೆಂಬುದನ್ನು ಮರೆಯಬಾರದು.

ಮರಳಿಯ ಬಿಸಿಲಿನಲ್ಲಿ ಹಿಮದ ಭಯವೆಲ್ಲಿಂದ ಬಂತು? ಐಸ್ ಪ್ಯಾಕಿನಿಂದಲೇ! ಅದು -20 ಡಿಗ್ರಿಯ ಪೆಟ್ಟಿಗೆಯಿಂದ ನೇರವಾಗಿ ಬಂದರೆ ಪಕ್ಕದ ಸೀಸೆಯನ್ನು ಹೆಪ್ಪುಗಟ್ಟಿಸುತ್ತದೆ. ಆದುದರಿಂದ ತಿಳಿದ ಕಾರ್ಯಕರ್ತೆಯು ಪ್ಯಾಕನ್ನು ಹೊರಗಿಟ್ಟು, ಕಿವಿಯ ಬಳಿ ಅಲುಗಿಸಿ, ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಸೀಸೆಗಳ ಬದಿಗೆ ಜೋಡಿಸುತ್ತಾಳೆ. ನೀರೂ ಹಿಮವೂ ಕೂಡಿರುವಾಗ ಉಷ್ಣತೆ 0 ಡಿಗ್ರಿಯಲ್ಲಿ ನಿಲ್ಲುತ್ತದೆ. ಇದರಿಂದ ತಂಪು ನಷ್ಟವಾಗುವುದಿಲ್ಲವೆ ಎಂದರೆ, ಲೆಕ್ಕ ಹೀಗಿದೆ: -20ರಿಂದ 0 ಡಿಗ್ರಿಗೆ ಏರುವಾಗ ಒಂದು ಗ್ರಾಂ ಹಿಮ ಹೀರುವ ಶಾಖ ಸುಮಾರು 10 ಕ್ಯಾಲೊರಿ, ಕರಗುವಾಗ ಹೀರುವುದು 80. ಸುಮಾರು ಒಂಬತ್ತನೆಯ ಒಂದು ಪಾಲನ್ನು ಬಿಟ್ಟುಕೊಟ್ಟರೆ ಉಳಿದ ಎಂಟು ಪಾಲು ತಂಪು, ಯಾವ ಸೀಸೆಗೂ ಕೇಡಿಲ್ಲದೆ, ಮಧ್ಯಾಹ್ನದವರೆಗೂ ಒದಗುತ್ತದೆ.

ಮುಂದೊಮ್ಮೆ ನಿಮ್ಮ ಊರಿನ ಅಂಗನವಾಡಿಯಲ್ಲಿ ಅಕ್ಕನೊಬ್ಬಳು ಐಸ್ ಪ್ಯಾಕನ್ನು ಕಿವಿಗೆ ಹಿಡಿದು ಅಲುಗಿಸುವುದನ್ನು ಕಂಡರೆ, ಆಕೆ ಕೇಳುತ್ತಿರುವುದು ಏನೆಂದು ಈಗ ನಿಮಗೆ ಗೊತ್ತು.